ವಾಚಿಗೂ ಒಂದು ರಾತ್ರಿ ಇದೆ

ತಾರೀಕು ತೋರಿಸುವ ವಾಚಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ನಾಲ್ಕರವರೆಗೆ ತಾರೀಕು ತಿರುಗಿಸಬಾರದು. ಇದೇನೂ ಗುಟ್ಟಲ್ಲ. ವಾಚಿನ ಡಬ್ಬಿಯಲ್ಲಿ ಮಡಚಿಟ್ಟಿರುವ ಚೀಟಿಯಲ್ಲಿ ಅಚ್ಚಾಗಿಯೇ ಇರುತ್ತದೆ. ಆ ಚೀಟಿಯನ್ನು ಬಿಡಿಸಿಯೂ ನೋಡದೆ ಬಿಸಾಡುತ್ತೀರಿ. ಮಲಗುವ ಹೊತ್ತಿಗೆ ವಾಚು ಕಳಚಿ, ಕೀ ಎಳೆದು ತಾರೀಕು ತಿರುವುತ್ತೀರಿ. ಆರು ತಿಂಗಳಾದ ಮೇಲೆ ಕೊಳ್ಳೇಗಾಲಕ್ಕೆ ಬಸ್ಸು ಹತ್ತಿ ಬಂದು, ರಿಪೇರಿಯವನ ಗಾಜಿನ ಪೆಟ್ಟಿಗೆಯ ಮೇಲೆ ವಾಚಿಟ್ಟು, 'ನಾನೇನೂ ಮಾಡಿಲ್ಲ ಕನಣ್ಣ, ಸುಮ್ನೆ ತಾರೀಕು ತಿರುಗಿಸ್ದೆ ಅಷ್ಟೆ' ಅನ್ನುತ್ತೀರಿ. ವಾಚು ಕೆಟ್ಟಿರುವುದೇ ಆ 'ಅಷ್ಟೆ'ಯಿಂದ.

ಈ ಮಾತು ಕೊಳ್ಳೇಗಾಲದವರಿಗೆ, ಹನೂರಿನವರಿಗೆ, ಯಳಂದೂರಿನವರಿಗೆ. ಬೇರೆ ಊರಿನವರು ಕಡಿಮೆ ತಪ್ಪು ಮಾಡುತ್ತಾರೆಂದಲ್ಲ. ನಮ್ಮ ಕಡೆ ಮದುವೆಗೆ ಬಂದ ವಾಚು, ನಿವೃತ್ತಿಯ ದಿನ ಶಾಲೆಯವರು ಕೊಟ್ಟ ವಾಚು, ಅಪ್ಪ ಬಿಟ್ಟುಹೋದ ವಾಚು ಇನ್ನೂ ಕಪಾಟಿನಲ್ಲಿ ಇವೆ, ಹಬ್ಬಕ್ಕೋ ಜಾತ್ರೆಗೋ ಕೈಗೆ ಏರುತ್ತವೆ. ಹೀಗೆ ಅಪರೂಪಕ್ಕೆ ಹೊರಬರುವ ವಾಚುಗಳೇ ಹೆಚ್ಚು ಹಾಳಾಗುತ್ತಿರುವುದು. ದಿನಾ ಕಟ್ಟುವ ವಾಚಿನ ತಾರೀಕನ್ನು ಯಾರೂ ಪದೇ ಪದೇ ಮುಟ್ಟುವುದಿಲ್ಲ. ನಿಂತುಹೋದ ವಾಚಿಗೆ ಮಾತ್ರ ಪ್ರತಿಸಲವೂ ತಾರೀಕು ಕೂರಿಸಬೇಕು.

ಈ ಅಭ್ಯಾಸ ಎಲ್ಲಿಂದ ಬಂತು ಅನ್ನುವುದನ್ನು ನಾನು ಬಲ್ಲೆ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ವಾಚು ತಯಾರಾಗತೊಡಗಿತು. ಆಮೇಲೆ ಮನೆಮನೆಗೆ ಬಂದದ್ದು ಜನತಾ, ಪೈಲಟ್, ಸೋನಾ. ಇವುಗಳಲ್ಲಿ ತಾರೀಕಿನ ಕಿಂಡಿಯೇ ಇಲ್ಲ. ಕೀಯನ್ನು ಒಂದೇ ಸಲ ಎಳೆಯುವುದು, ಮುಳ್ಳು ತಿರುಗಿಸುವುದು, ಒತ್ತುವುದು. ನಡುರಾತ್ರಿಯಾದರೂ ಸರಿ, ನಡುಹಗಲಾದರೂ ಸರಿ, ಹಿಂದಕ್ಕೂ ಸರಿ, ಮುಂದಕ್ಕೂ ಸರಿ. ಮೆಷಿನ್ ಏನೂ ಅನ್ನುತ್ತಿರಲಿಲ್ಲ. ನಿಮ್ಮ ಅಪ್ಪಂದಿರು ಅದರಲ್ಲಿ ಕೈ ಪಳಗಿಸಿಕೊಂಡರು, ನೀವು ಅವರನ್ನು ನೋಡಿ ಕಲಿತಿರಿ. ಆಮೇಲೆ ತಾರೀಕು, ವಾರ ಎರಡೂ ತೋರಿಸುವ ಆಟೋಮ್ಯಾಟಿಕ್ ಬಂತು, ಸೆಲ್ ವಾಚು ಬಂತು. ವಾಚು ಬದಲಾಯಿತು, ಕೈ ಮಾತ್ರ ಜನತಾ ವಾಚಿನದೇ ಉಳಿಯಿತು. ಅದರ ಮೇಲೆ ಈಗ ಮೊಬೈಲು. ಅದರ ತಾರೀಕು ತಾನಾಗಿ ಸರಿಹೋಗುತ್ತದೆ, ಹೆಚ್ಚೆಂದರೆ ಬೆರಳು ಸವರಿದರಾಯಿತು. ತಾರೀಕು ಅಂದರೆ ಬರೀ ಅಂಕಿ ಎಂದು ನಂಬಿ ಕುಳಿತಿದ್ದೀರಿ. ವಾಚಿನಲ್ಲಿ ಅದು ಹಲ್ಲಿರುವ ಉಂಗುರ.

ಡಯಲ್ ಕೆಳಗೆ ಏನಿದೆ ಅನ್ನುವುದನ್ನು ಒಮ್ಮೆ ತಿಳಿದುಕೊಳ್ಳಿ. ಒಂದರಿಂದ ಮೂವತ್ತೊಂದರವರೆಗೆ ಅಂಕಿ ಅಚ್ಚಾದ ಒಂದು ತೆಳು ಉಂಗುರ ಇರುತ್ತದೆ. ಅದರ ಒಳಅಂಚಿನಲ್ಲಿ 31 ಹಲ್ಲು. ಉಂಗುರ ಅಲ್ಲಾಡದಂತೆ ಒಂದು ಸಣ್ಣ ಸ್ಪ್ರಿಂಗಿನ ಮೂತಿ ಎರಡು ಹಲ್ಲುಗಳ ನಡುವೆ ಕೂತು ಹಿಡಿದಿರುತ್ತದೆ. ಪಕ್ಕದಲ್ಲಿ ಇನ್ನೊಂದು ಚಕ್ರ. ಗಂಟೆಯ ಮುಳ್ಳು ದಿನಕ್ಕೆ ಎರಡು ಸುತ್ತು ಹಾಕಿದರೆ ಈ ಚಕ್ರ ಒಂದೇ ಸುತ್ತು ಹಾಕುತ್ತದೆ. ಇದರ ಮೇಲೆ ಒಂದು ಬೆರಳು ಇದೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಬಹುಪಾಲು ಹೊತ್ತು ಆ ಬೆರಳು ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿರುತ್ತದೆ. ರಾತ್ರಿ ಒಂಬತ್ತರ ಸುಮಾರಿಗೆ ಉಂಗುರದ ಹಲ್ಲುಗಳ ನಡುವೆ ಇಳಿಯುತ್ತದೆ. ಮುಂದಿನ ಹಲ್ಲಿಗೆ ಆನಿಸಿಕೊಂಡು ಮೆಲ್ಲಗೆ, ಬಹಳ ಮೆಲ್ಲಗೆ ತಳ್ಳುತ್ತದೆ. ಹನ್ನೆರಡರ ಹತ್ತಿರ ಸ್ಪ್ರಿಂಗಿನ ಮೂತಿ ಹಲ್ಲಿನ ತುದಿ ದಾಟಿ ಆಚೆಗೆ ಬೀಳುತ್ತದೆ, ಅಂಕಿ ಬದಲಾಗುತ್ತದೆ. ಬೆರಳು ಪೂರ್ತಿ ಹೊರಗೆ ಬರಲು ಇನ್ನೂ ಸ್ವಲ್ಪ ಹೊತ್ತು ಬೇಕು. ವಾರದ ಹೆಸರೂ ಇರುವ ವಾಚಿನಲ್ಲಿ ತಾರೀಕಾದ ಮೇಲೆ ವಾರದ ಸರದಿ, ಅದು ಮುಗಿಯುವಾಗ ಎಷ್ಟೋ ವಾಚುಗಳಲ್ಲಿ ಮೂರೂವರೆ, ನಾಲ್ಕು. ಆ ಏಳು ಗಂಟೆಯ ಲೆಕ್ಕ ಬಂದದ್ದು ಹೀಗೆ.

ಇನ್ನು ನಿಮ್ಮ ಕೀ. ಪೂರ್ತಿ ಒತ್ತಿದಾಗ ಅದು ಕೀ ಕೊಡುವುದಕ್ಕೆ. ಒಂದು 'ಟಕ್' ಎಳೆದರೆ ತಾರೀಕಿಗೆ, ಎರಡನೆಯ 'ಟಕ್' ಎಳೆದರೆ ಮುಳ್ಳಿಗೆ. ಒಂದು ಟಕ್ ಎಳೆದು ತಿರುಗಿಸಿದಾಗ ಆ ಬೆರಳಿಗೂ ಇದಕ್ಕೂ ಸಂಬಂಧವಿಲ್ಲದ ಮತ್ತೊಂದು ಪುಟ್ಟ ಚಕ್ರ, ಉಂಗುರದ ಬೇರೊಂದು ಜಾಗದಲ್ಲಿ ಹಲ್ಲು ಹಿಡಿದು ಉಂಗುರವನ್ನು ಎಳೆಯುತ್ತದೆ. ಹಗಲಿನಲ್ಲಿ ಇದರಿಂದ ತೊಂದರೆಯಿಲ್ಲ, ಬೆರಳು ಎಲ್ಲೋ ದೂರದಲ್ಲಿರುತ್ತದೆ. ರಾತ್ರಿ ಹತ್ತೂವರೆಗೆ ಬೆರಳು ಹಲ್ಲುಗಳ ನಡುವೆಯೇ ಇದೆ. ನೀವು ಉಂಗುರವನ್ನು ಸೆಳೆದಾಗ ಹಿಂದಿನ ಹಲ್ಲು ಬಂದು ಬೆರಳಿನ ಬೆನ್ನಿಗೆ ಬಡಿಯುತ್ತದೆ. ಬಾಗಿಲ ಸಂದಿಯಲ್ಲಿ ಮಗು ಬೆರಳಿಟ್ಟಿರುವಾಗ ಬಾಗಿಲು ಎಳೆದ ಹಾಗೆ. ಬೆರಳಾದರೂ ಬಾಗಬೇಕು, ಹಲ್ಲಾದರೂ ಮುರಿಯಬೇಕು, ಇಲ್ಲ ನೀವು ತಿರುಗಿಸುತ್ತಿರುವ ಪುಟ್ಟ ಚಕ್ರವಾದರೂ ಸವೆಯಬೇಕು. ಆ ಚಕ್ರ ಈಗಿನ ಎಷ್ಟೋ ವಾಚುಗಳಲ್ಲಿ ಪ್ಲಾಸ್ಟಿಕ್ಕಿನದು.

'ನಾನು ಎಷ್ಟೋ ಸಲ ತಿರುಗಿಸಿದ್ದೀನಿ, ಏನೂ ಆಗಿಲ್ಲ' ಅನ್ನುವ ವಾದವನ್ನು ನನ್ನ ಮುಂದೆ ತರಬೇಡಿ. ಆಗಿಲ್ಲದಿರಬಹುದು. ಬೆರಳಿಗೆ ಬಾಗುವ ಗುಣ ಇಟ್ಟು ಮಾಡಿದ ಮೆಷಿನ್‌ಗಳಿವೆ, ಅವು ನಿಮ್ಮ ಒರಟು ಕೈಯನ್ನು ಸಹಿಸಿಕೊಳ್ಳುತ್ತವೆ. ಯಾವ ಹೊತ್ತಿನಲ್ಲಿ ತಿರುಗಿಸಿದರೂ ಕೆಡದ ಹಾಗೆ ಕಟ್ಟಿದ ದುಬಾರಿ ವಾಚುಗಳೂ ಇವೆ. ನಿಮ್ಮದು ಯಾವ ಬಗೆಯದೆಂದು ಹಿಂಬದಿಯ ಮುಚ್ಚಳ ತೆಗೆಯದೆ ನಿಮಗೆ ಗೊತ್ತಾಗುವುದಿಲ್ಲ. ಗೊತ್ತಿಲ್ಲದವನು ಹೆದರಿ ನಡೆಯಬೇಕು, ನೀವು ಧೈರ್ಯ ತೋರಿಸುತ್ತಿದ್ದೀರಿ.

ನಿಮ್ಮ ಜಾಣತನ ಎಲ್ಲಕ್ಕಿಂತ ಎದ್ದು ಕಾಣುವುದು ಏಪ್ರಿಲ್ 30ರ ರಾತ್ರಿ. ಹತ್ತೂ ಮುಕ್ಕಾಲು. ಬೆಳಿಗ್ಗೆ ಮೊದಲ ಬಸ್ಸಿಗೆ ಮಾದಪ್ಪನ ಬೆಟ್ಟಕ್ಕೆ ಹೋಗಬೇಕು. ವಾಚಿಗೆ ಏಪ್ರಿಲ್ ಗೊತ್ತಿಲ್ಲ, ಮೇ ಗೊತ್ತಿಲ್ಲ. ಪ್ರತಿ ತಿಂಗಳೂ ಅದಕ್ಕೆ 31 ದಿನ. ಹಾಗಾಗಿ ಬೆಳಿಗ್ಗೆ ಅದು 31 ತೋರಿಸುತ್ತದೆ ಎಂದು ನಿಮಗೆ ಗೊತ್ತು. ಅಷ್ಟು ತಿಳಿವಳಿಕೆ ಇದೆ. 'ಈಗಲೇ 31ಕ್ಕೆ ತಂದಿಟ್ಟರೆ ಹನ್ನೆರಡಕ್ಕೆ ತಾನಾಗಿ 1 ಆಗುತ್ತೆ' ಎಂದು ಲೆಕ್ಕ ಹಾಕುತ್ತೀರಿ. ಲೆಕ್ಕ ಸರಿ, ಹೊತ್ತು ತಪ್ಪು. ಒಂದು ಟಕ್ ಎಳೆದು ತಿರುಗಿಸುತ್ತೀರಿ. ಸ್ವಲ್ಪ ಬಿಗಿ ಅನ್ನಿಸುತ್ತದೆ. ಬಿಗಿ ಅನ್ನಿಸಿದಲ್ಲಿ ನಿಲ್ಲಿಸುವವರು ನಮ್ಮಲ್ಲಿ ಕಡಿಮೆ, ಇನ್ನೊಂಚೂರು ಒತ್ತಾಯ ಮಾಡುವವರೇ ಹೆಚ್ಚು. 'ಕಟಕ್' ಎಂದು 31 ಬಂದು ಕೂರುತ್ತದೆ. ನೀವು ಮಲಗುತ್ತೀರಿ. ಬೆಳಿಗ್ಗೆ ಬಸ್ಸು ಕೌದಳ್ಳಿ ದಾಟುವಾಗ ಕೈ ನೋಡಿಕೊಂಡರೆ ಇನ್ನೂ 31. ಮೇ ಎರಡಕ್ಕೂ 31. ಬೆರಳು ಹೋಗಿದೆ.

ಅದೇ ಕೆಲಸವನ್ನು ಬಸ್ಸಿನಲ್ಲಿ ಕೂತು ಬೆಳಿಗ್ಗೆ ಆರಕ್ಕೆ ಮಾಡಿದ್ದರೆ ಅರ್ಧ ನಿಮಿಷದ ಮಾತಾಗಿತ್ತು. ಬೆರಳು ಆಗ ಹೊರಗಿರುತ್ತಿತ್ತು. ಪಂಚಾಂಗ ನೋಡುವ ಮನೆಗಳಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ಅಮಾವಾಸ್ಯೆಗೆ ಬೆಟ್ಟ ಹತ್ತುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ವಾಚಿನ ತಾರೀಕಿಗೆ ಮಾತ್ರ ಹಿಂದಿನ ರಾತ್ರಿಯೇ ಅವಸರ ಯಾಕೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇಷ್ಟು ಕೇಳಿದ ಮೇಲೆ 'ಸರಿ, ಇನ್ಮೇಲೆ ಹಗಲಲ್ಲೇ ತಿರುಗಿಸ್ತೀನಿ' ಅನ್ನುತ್ತೀರಿ. ಅಲ್ಲೇ ಎರಡನೆಯ ತಪ್ಪು. ಇದು ಮೊದಲನೆಯದಕ್ಕಿಂತ ಕೆಟ್ಟದ್ದು, ಯಾಕೆಂದರೆ ಇದನ್ನು ನಿಯಮ ಗೊತ್ತಿರುವವರೂ ಮಾಡುತ್ತಾರೆ. ಲೆಕ್ಕಕ್ಕೆ ಬರುವುದು ನಿಮ್ಮ ಮನೆಯ ಹೊರಗಿನ ಬಿಸಿಲಲ್ಲ, ವಾಚಿನೊಳಗಿನ ಹೊತ್ತು. ಕಪಾಟಿನಲ್ಲಿಟ್ಟ ಆಟೋಮ್ಯಾಟಿಕ್ ಒಂದೂವರೆ ದಿನವೋ ಎರಡು ದಿನವೋ ಓಡಿ ಎಲ್ಲೋ ನಿಂತಿರುತ್ತದೆ. ಮುಳ್ಳು ಹನ್ನೊಂದು ಇಪ್ಪತ್ತು ತೋರಿಸುತ್ತಿದೆ ಅನ್ನಿ. ಅದು ಬೆಳಗಿನ ಹನ್ನೊಂದು ಇಪ್ಪತ್ತೋ, ರಾತ್ರಿಯದೋ? ಡಯಲ್ ನೋಡಿದರೆ ಹೇಳಲಾಗದು. ರಾತ್ರಿಯದಾಗಿದ್ದರೆ ಬೆರಳು ಹಲ್ಲುಗಳ ನಡುವೆ ಸಿಕ್ಕಿಕೊಂಡೇ ವಾಚು ನಿಂತಿದೆ. ನೀವು ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಯಳಂದೂರಿನ ಮದುವೆ ಮನೆಗೆ ಹೊರಡುವ ಗಡಿಬಿಡಿಯಲ್ಲಿ, ಒಳ್ಳೆ ಬೆಳಕಿನಲ್ಲಿ ನಿಂತು ತಾರೀಕು ತಿರುಗಿಸುತ್ತೀರಿ. ಮಾಡಿದ್ದು ಅದೇ ಅನಾಹುತ.

ಹಾಗಾಗಿ ನಿಂತ ವಾಚಿಗೆ ತಾರೀಕು ಕೂರಿಸುವ ಕ್ರಮ ಬೇರೆ. ವಾಚು ಕೈಯಿಂದ ಕಳಚಿ. ಈ ತಿಂಗಳ 17ರ ಬೆಳಿಗ್ಗೆ ಹತ್ತು ಗಂಟೆ, ವಾಚಿನಲ್ಲಿ ತಾರೀಕು 9 ಇದೆ ಎಂದುಕೊಳ್ಳಿ. ಮೊದಲು ತಾರೀಕನ್ನು ಮುಟ್ಟಬೇಡಿ. ಎರಡು ಟಕ್ ಎಳೆದು ಮುಳ್ಳನ್ನು ಮುಂದಕ್ಕೇ ತಿರುಗಿಸುತ್ತಾ ಹೋಗಿ. ಹನ್ನೆರಡು ದಾಟುವಾಗ ಅಂಕಿ ನೋಡಿ. 9 ಹೋಗಿ 10 ಬಂದರೆ ಈಗ ದಾಟಿದ್ದು ವಾಚಿನ ನಡುರಾತ್ರಿ. ಬರದಿದ್ದರೆ ಅದು ಮಧ್ಯಾಹ್ನವಾಗಿತ್ತು. ಇನ್ನೊಂದು ಸುತ್ತು ಹೋಗಿ, ಆಗ ಬರುತ್ತದೆ. ತಾರೀಕು ಬದಲಾದ ಮೇಲೆ ನಿಲ್ಲಿಸದೆ ಬೆಳಗಿನ ಆರಕ್ಕೆ ತನ್ನಿ. ಗಂಟೆ ಮುಳ್ಳು ಕೆಳಗೆ, ಬೆರಳು ಹೊರಗೆ. ಈಗ ಕೀಯನ್ನು ಒಂದು ಟಕ್‌ಗೆ ಒತ್ತಿ, ತಾರೀಕನ್ನು 16ಕ್ಕೆ ತನ್ನಿ. 17ಕ್ಕಲ್ಲ, ಹಿಂದಿನ ದಿನಕ್ಕೆ. ವಾರವನ್ನೂ ಹಿಂದಿನ ದಿನದ್ದಕ್ಕೇ ಇಡಿ. ಮತ್ತೆ ಎರಡು ಟಕ್‌ಗೆ ಎಳೆದು ಮುಳ್ಳನ್ನು ಮುಂದಕ್ಕೆ ತಿರುಗಿಸಿ, ಮಧ್ಯಾಹ್ನ ದಾಟಿ, ಸಂಜೆ ದಾಟಿ, ನಡುರಾತ್ರಿ ದಾಟುವಾಗ 17 ತಾನಾಗಿ ಬೀಳುತ್ತದೆ. ಅಲ್ಲಿಂದ ಹತ್ತಕ್ಕೆ ತಂದು ಕೀ ಒತ್ತಿ. ಸಂಜೆ ಹತ್ತಿರವಿದ್ದರೆ ಮಧ್ಯಾಹ್ನದ ಹನ್ನೆರಡನ್ನೂ ಒಮ್ಮೆ ದಾಟಿಸಬೇಕು, ಅದನ್ನು ಮರೆತರೆ ನಾಳೆ ಮಧ್ಯಾಹ್ನ ಊಟದ ಹೊತ್ತಿಗೆ ನಿಮ್ಮ ವಾಚಿನಲ್ಲಿ ತಾರೀಕು ಬದಲಾಗುತ್ತದೆ.

ಹೀಗೆ ಮಧ್ಯಾಹ್ನ ತಾರೀಕು ಬದಲಾಗುವ ವಾಚನ್ನು ವರ್ಷಗಟ್ಟಲೆ ಕಟ್ಟಿಕೊಂಡು ತಿರುಗುವವರು ನಮ್ಮಲ್ಲಿ ಇದ್ದಾರೆ. ರೇಷ್ಮೆಗೂಡಿನ ಲೆಕ್ಕ ಬರೆಯುವವರು, ಕಚೇರಿಯಲ್ಲಿ ಸಹಿ ಹಾಕುವವರು, ಕೈ ನೋಡಿ ತಾರೀಕು ಬರೆಯುವವರೇ ಹಾಗಿರುವುದು ಸೋಜಿಗ. 'ಮಧ್ಯಾಹ್ನದ ಮೇಲೆ ಒಂದು ಕಡಿಮೆ ಮಾಡ್ಕೊಂಡು ಓದ್ತೀನಿ' ಎಂದು ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಬೇರೆ. ಅಂಥ ವಾಚಿನ ರಾತ್ರಿ ಬರುವುದು ನಮ್ಮ ಹಗಲಿನಲ್ಲಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಅದರ ಬೆರಳು ಹಲ್ಲಿನಲ್ಲಿರುತ್ತದೆ. ಅವರು ತಾರೀಕು ತಿದ್ದಲು ಆರಿಸಿಕೊಳ್ಳುವುದೂ ಅದೇ ಹೊತ್ತನ್ನು, ಯಾಕೆಂದರೆ ತಪ್ಪು ತಾರೀಕು ಕಣ್ಣಿಗೆ ಬೀಳುವುದು ಆಗಲೇ.

ಸೆಲ್ ವಾಚಿನವರು ತಮಗಿದು ಅನ್ವಯಿಸುವುದಿಲ್ಲವೆಂದು ನಗಬಾರದು. ಸೆಲ್ಲು ಬಂದದ್ದು ಕೀ ಕೊಡುವ ಕೆಲಸಕ್ಕೆ ಬದಲಾಗಿ. ತಾರೀಕಿನ ಉಂಗುರ, ಹಲ್ಲು, ಬೆರಳು ಅಲ್ಲೂ ಅವೇ. ಹೊಸ ವಾಚು ಮಾರುವ ಅಂಗಡಿಯವರಿಗೂ ಒಂದು ಮಾತು: ಕೀಗೆ ಸಿಕ್ಕಿಸಿದ ಪ್ಲಾಸ್ಟಿಕ್ ತೆಗೆದು, ಅಂಗಡಿ ಮುಚ್ಚುವ ಹೊತ್ತಿನಲ್ಲಿ, ವಾಚು ಎಲ್ಲಿ ನಿಂತಿದೆಯೆಂದು ನೋಡದೆ ಸರಸರನೆ ತಾರೀಕು ತಿರುವಿ ಗಿರಾಕಿಯ ಕೈಗೆ ಕಟ್ಟುತ್ತೀರಲ್ಲ, ಆ ವಾಚಿಗೆ ಮೊದಲ ಪೆಟ್ಟು ಕೊಟ್ಟವರು ನೀವೇ.

ಕೆಟ್ಟದ್ದು ಎಲ್ಲಿ ಎಂಬುದನ್ನು ಮುಚ್ಚಳ ತೆಗೆಯದೆಯೂ ಸುಮಾರಾಗಿ ಊಹಿಸಬಹುದು. ಕೀಯಿಂದ ತಿರುಗಿಸಿದರೆ ತಾರೀಕು ಚೆನ್ನಾಗಿ ಓಡುತ್ತದೆ, ರಾತ್ರಿ ಮಾತ್ರ ತಾನಾಗಿ ಬದಲಾಗುವುದಿಲ್ಲ ಎಂದಾದರೆ ಬೆರಳು ಮುರಿದಿದೆ ಅಥವಾ ಬಾಗಿದೆ. ರಾತ್ರಿ ತಾನಾಗಿ ಬದಲಾಗುತ್ತದೆ, ಕೀಯಿಂದ ತಿರುಗಿಸಿದರೆ ಜಾರುತ್ತದೆ ಎಂದಾದರೆ ತಿದ್ದುವ ಪುಟ್ಟ ಚಕ್ರ ಹೋಗಿದೆ. ಪ್ರತಿ ತಿಂಗಳು ಅದೇ ಒಂದು ತಾರೀಕಿನಲ್ಲಿ ಮಾತ್ರ ತಡೆದು ನಿಲ್ಲುತ್ತಿದ್ದರೆ ಉಂಗುರದ ಆ ಒಂದು ಹಲ್ಲು ನೋಡಿಸಬೇಕು. ಅಂಕಿ ಕಿಂಡಿಯ ಮಧ್ಯೆ ಕೂರದೆ ಅರ್ಧ ಮೇಲೆ ಅರ್ಧ ಕೆಳಗೆ ತೂಗುತ್ತಿದ್ದರೆ ಹಿಡಿಯುವ ಸ್ಪ್ರಿಂಗಿನ ಕಡೆ ನೋಡಬೇಕು. ಹಗಲೆಲ್ಲ ಸರಿಯಾಗಿ ಓಡಿ ದಿನಾ ನಡುರಾತ್ರಿಯ ಆಸುಪಾಸಿನಲ್ಲಿ ನಿಲ್ಲುವ ವಾಚಿದ್ದರೆ, 'ಸೆಲ್ಲು ಹಾಕು' ಎಂದು ರಿಪೇರಿಯವನಿಗೆ ಅಪ್ಪಣೆ ಕೊಡುವ ಮೊದಲು ನಿಂತ ಹೊತ್ತನ್ನು ಅವನಿಗೆ ಹೇಳಿ. ತಾರೀಕಿನ ಭಾಗದಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಅವನಿಗೆ ಅಷ್ಟರಿಂದಲೇ ಹೊಳೆಯುತ್ತದೆ. ನೀವು ಹೇಳುವುದಿಲ್ಲ. ಕೇಳಿದರೂ 'ತಾನಾಗಿ ನಿಂತೋಯ್ತು' ಅನ್ನುತ್ತೀರಿ. ಆಮೇಲೆ ಬಿಚ್ಚಿದವನ ಮೇಲೆಯೇ ಗೂಬೆ ಕೂರಿಸುತ್ತೀರಿ.

ಕೀ ಹಿಡಿಯುವ ರೀತಿಯಲ್ಲೂ ಇದೇ ಉದಾಸೀನ. ವಾಚು ಕೈಯಲ್ಲಿ ಕಟ್ಟಿಕೊಂಡೇ ಕೀ ಕೊಡುತ್ತೀರಿ. ಆಗ ಕೀಯನ್ನು ಎರಡು ಬೆರಳಿನಿಂದ ನೆಟ್ಟಗೆ ಹಿಡಿಯಲು ಜಾಗವಿರುವುದಿಲ್ಲ, ಉಗುರಿನಿಂದ ಓರೆಯಾಗಿ ಎತ್ತಿ ತಿರುವುತ್ತೀರಿ. ಒಳಗಿರುವ ಸ್ಟೆಮ್ಮು ಸೂಜಿಯಷ್ಟು ಸಣ್ಣದು. ಅದು ಬಾಗಿ, ಅದು ಹಾದುಹೋಗುವ ತೂತು ಒಂದೇ ಕಡೆ ಸವೆದು, ಕೊನೆಗೆ ಕೀ ಕೈಗೇ ಬರುತ್ತದೆ. ಜನತಾ ಥರದ ವಾಚಿಗೆ ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಕಳಚಿ ಹಿಡಿದು ಸುಮಾರು 25–30 ಸುತ್ತು ಕೊಟ್ಟರೆ ಸಾಕು. ಬಿಗಿ ಬಂದಾಗ ನಿಲ್ಲಿಸಬೇಕು. ಸೆಲ್ಲು ಉಳಿಯಲಿ ಎಂದು ಕೀಯನ್ನು ಎಳೆದಿಟ್ಟು ಕಪಾಟಿಗೆ ಸೇರಿಸುವವರು ಆ ಸಂದಿಯಿಂದ ಧೂಳು, ತೇವ ಒಳಗೆ ಹೋಗುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲವರ ಕೀ ಎಳೆದೂ ಇರುವುದಿಲ್ಲ, ಒತ್ತಿಯೂ ಇರುವುದಿಲ್ಲ, ತಾರೀಕಿನ ಟಕ್‌ನಲ್ಲಿ ಅರ್ಧಕ್ಕೆ ನಿಂತಿರುತ್ತದೆ. ತೋಳಿಗೆ ತಗುಲಿ ಅದು ತಿರುಗಿದಾಗ ತಾರೀಕೂ ತಿರುಗುತ್ತದೆ, ಅದು ವಾಚಿನ ರಾತ್ರಿಯಾಗಿದ್ದರೆ ಉಳಿದದ್ದು ನಿಮಗೀಗ ಗೊತ್ತು.

ಮೂವತ್ತು ವರ್ಷದ ಹಿಂದೆಯಾಗಿದ್ದರೆ ನಾನು ಇಷ್ಟು ಗದರುತ್ತಿರಲಿಲ್ಲ. ಆಗ ಬೆರಳು ಮುರಿದರೆ ಹೊಸ ಬೆರಳು ತರಿಸಬಹುದಿತ್ತು. ಬೆಂಗಳೂರಿನಲ್ಲೂ ತುಮಕೂರಿನಲ್ಲೂ ಎಚ್‌ಎಂಟಿ ಕಾರ್ಖಾನೆ ನಡೆಯುತ್ತಿತ್ತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಿನ ಕಂಪನಿ ಮುಚ್ಚುವ ತೀರ್ಮಾನ ಮಾಡಿತು. ಈಗ ಅಪ್ಪನ ಆಟೋಮ್ಯಾಟಿಕ್‌ನಲ್ಲಿ ತಾರೀಕಿನ ಚಕ್ರ ಹೋದರೆ ರಿಪೇರಿಯವನು ಅದೇ ಮೆಷಿನ್ನಿನ ಇನ್ನೊಂದು ಹಳೆ ವಾಚು ಹುಡುಕಿ ಅದನ್ನು ಬಿಚ್ಚಿ ಹಾಕಬೇಕು. ಒಂದು ವಾಚು ಉಳಿಯಲು ಇನ್ನೊಂದು ಸಾಯಬೇಕು. ಸಿಗದಿದ್ದರೆ ಅವನು ತಾರೀಕಿನ ಚಕ್ರವನ್ನೇ ತೆಗೆದು, 'ಟೈಮ್ ನೋಡ್ಕೊಳಿ ಸಾ, ತಾರೀಕು ಬುಟ್ಬುಡಿ' ಎಂದು ಕೈಗೆ ಕೊಡುತ್ತಾನೆ. ಹಾಗೆ ಒಂದೇ ಅಂಕಿಯಲ್ಲಿ ಶಾಶ್ವತವಾಗಿ ನಿಂತ ವಾಚುಗಳು ಮೂರೂ ಊರಲ್ಲಿ ಬೇಕಾದಷ್ಟಿವೆ.

ವರ್ಷದಲ್ಲಿ ತಾರೀಕನ್ನು ಕೈಯಿಂದ ತಿದ್ದಲೇಬೇಕಾದ ದಿನಗಳು ಐದೇ: ಮಾರ್ಚ್ 1, ಮೇ 1, ಜುಲೈ 1, ಅಕ್ಟೋಬರ್ 1, ಡಿಸೆಂಬರ್ 1. ಮಾರ್ಚಿನಲ್ಲಿ ಮೂರು ಅಂಕಿ ದಾಟಿಸಬೇಕು, ಅಧಿಕ ವರ್ಷವಾದರೆ ಎರಡು. ಮಿಕ್ಕ ನಾಲ್ಕರಲ್ಲಿ ಒಂದೊಂದು. ಆ ಐದು ದಿನ ಬೆಳಿಗ್ಗೆ ಎದ್ದು, ವಾಚು ಕಳಚಿ, ಗಂಟೆ ಮುಳ್ಳು ಆರರ ಆಸುಪಾಸಿನಲ್ಲಿರುವಾಗ ತಿದ್ದಿ. ಹಿಂದಿನ ರಾತ್ರಿ ದಯವಿಟ್ಟು ಕೈ ಕಟ್ಟಿಕೊಂಡು ಮಲಗಿ.